ಏರಿಳಿತ ಜಾಸ್ತಿ, ಬೀಟಾ ಕಡಿಮೆ: ಸಿಎಪಿಎಂ ಲೆಕ್ಕ

ಶೇರಿನ ಅಪಾಯಕ್ಕೆ ತಕ್ಕಂತೆ ಎಷ್ಟು ಪ್ರತಿಫಲ ಬೇಕು ಎಂದು ಹೇಳುವ ಸಿಎಪಿಎಂ ಸೂತ್ರ ಎಲ್ಲರಿಗೂ ಬಾಯಿಪಾಠ ಇರುತ್ತದೆ:

ಬೇಕಾದ ಪ್ರತಿಫಲ = ಅಪಾಯರಹಿತ ದರ + ಬೀಟಾ × ಮಾರುಕಟ್ಟೆ ಪ್ರೀಮಿಯಂ

ಕಷ್ಟ ಬರುವುದು ಬೀಟಾ ಏನನ್ನು ಅಳೆಯುತ್ತದೆ ಎನ್ನುವಲ್ಲಿ. ಶಿರಸಿ ಕಡೆಯ ನಮಗೆ ಅದಕ್ಕೆ ಅಡಿಕೆಯೇ ಒಳ್ಳೆಯ ಉದಾಹರಣೆ. ಅಡಿಕೆ ಕೊಂಡು ಸಂಸ್ಕರಿಸಿ ಮಾರುವ ಒಂದು ಕಂಪನಿ ಶೇರುಪೇಟೆಯಲ್ಲಿದೆ ಎಂದುಕೊಳ್ಳಿ. ಕಂಪನಿಯೂ ಅಂಕಿಗಳೂ ಲೆಕ್ಕಕ್ಕಾಗಿ ಮಾಡಿಕೊಂಡವು.

ಮಳೆ ಜೋರಾಗಿ ತೋಟಕ್ಕೆ ಕೊಳೆ ರೋಗ ಬಂದರೆ ಈ ಕಂಪನಿಗೆ ಸರಕು ಸಿಗುವುದಿಲ್ಲ. ಅಡಿಕೆ ದರ ಬಿದ್ದರೆ ಗೋದಾಮಿನ ಸರಕಿನಲ್ಲಿ ನಷ್ಟ. ಹಾಗಾಗಿ ಶೇರಿನ ವಾರ್ಷಿಕ ಏರಿಳಿತ, ಅಂದರೆ ಪ್ರಮಾಣಿತ ವಿಚಲನೆ, ಶೇಕಡಾ 40. ಇಡೀ ಮಾರುಕಟ್ಟೆಯದ್ದು 16. ಎರಡರ ನಡುವಿನ ಸಹಸಂಬಂಧ ಮಾತ್ರ 0.2. ಕೊಳೆ ರೋಗಕ್ಕೆ ನಿಫ್ಟಿ ಅಲುಗಾಡುವುದಿಲ್ಲ ಅಲ್ವಾ?

ಬೀಟಾ = 0.2 × 40 ÷ 16 = 0.5

ಏರಿಳಿತ ಮಾರುಕಟ್ಟೆಯ ಎರಡೂವರೆ ಪಟ್ಟು, ಬೀಟಾ ಮಾತ್ರ ಮಾರುಕಟ್ಟೆಯ ಅರ್ಧ! ಹತ್ತಾರು ಬೇರೆ ಬೇರೆ ಶೇರು ಇಟ್ಟುಕೊಂಡವರಿಗೆ ಕೊಳೆಯ ನಷ್ಟ ಉಳಿದವುಗಳ ಮಧ್ಯೆ ಕರಗಿಹೋಗುತ್ತದೆ. ಎಷ್ಟೇ ಶೇರು ಸೇರಿಸಿದರೂ ಕರಗದೆ ಉಳಿಯುವುದು ಮಾರುಕಟ್ಟೆಯ ಜೊತೆ ಕುಣಿಯುವ ಭಾಗ. ಸಿಎಪಿಎಂ ಪ್ರತಿಫಲ ಕೊಡುವುದು ಆ ಭಾಗಕ್ಕೆ ಮಾತ್ರ.

ಈಗ ಅಪಾಯರಹಿತ ದರ ಶೇಕಡಾ 7 ಇರಲಿ. ಇದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ 10 ವರ್ಷದ ಸರ್ಕಾರಿ ಬಾಂಡಿನ ಇಳುವರಿ ಹಿಡಿಯುತ್ತಾರೆ. ಮಾರುಕಟ್ಟೆಯ ನಿರೀಕ್ಷಿತ ಪ್ರತಿಫಲ 13 ಇದ್ದರೆ ಅದರಲ್ಲಿ 7 ಕಳೆದು ಪ್ರೀಮಿಯಂ 6. ಬೇಕಾದ ಪ್ರತಿಫಲ 7 + 0.5 × 6 = ಶೇಕಡಾ 10.

ಪರೀಕ್ಷೆಯಲ್ಲಿ ಹೆಚ್ಚು ತಪ್ಪಾಗುವುದು ಇಲ್ಲೇ. ಪ್ರಶ್ನೆಯಲ್ಲಿ 13 ಕಂಡ ಕೂಡಲೇ ಸೀದಾ ಅದನ್ನೇ ಬೀಟಾದಿಂದ ಗುಣಿಸಿದರೆ 7 + 0.5 × 13 = 13.5 ಬರುತ್ತದೆ. ಅನುಮಾನ ಬಂದರೆ ಬೀಟಾ 1 ಹಾಕಿ ನೋಡಿ. ಉತ್ತರ ಮಾರುಕಟ್ಟೆಯ 13 ಆಗಲೇಬೇಕು. 20 ಬಂದರೆ 7ನ್ನು ಕಳೆಯಲು ಬಿಟ್ಟಿದ್ದೀರಿ.

ಈ 10ನ್ನು ಬೆಲೆಯ ಜೊತೆ ಹೋಲಿಸಬೇಕು. ಶೇರು ಇವತ್ತು 200 ರೂಪಾಯಿ. ಒಂದು ವರ್ಷಕ್ಕೆ ಬೆಲೆ 210 ಆಗಿ, 8 ರೂಪಾಯಿ ಲಾಭಾಂಶ ಬರಬಹುದು ಎಂದಿಟ್ಟುಕೊಳ್ಳಿ. ಸಿಗುವುದು 18 ÷ 200, ಅಂದರೆ ಶೇಕಡಾ 9. ಬೇಕಾದದ್ದಕ್ಕಿಂತ ಕಡಿಮೆ. 218 ÷ 1.10 ಮಾಡಿದರೆ ಸುಮಾರು 198 ರೂಪಾಯಿ. ಅದಕ್ಕಿಂತ ಜಾಸ್ತಿ ಕೊಟ್ಟು ಕೊಳ್ಳಬಾರದು.

ಒಂದು ಎಚ್ಚರ. ದಿನಾ ವಹಿವಾಟು ನಡೆಯದ ಸಣ್ಣ ಶೇರಿನ ಬೆಲೆ ಮಾರುಕಟ್ಟೆಗೆ ತಡವಾಗಿ ಸ್ಪಂದಿಸುತ್ತದೆ. ಆಗ ದಿನದ ಬೆಲೆಗಳಿಂದ ತೆಗೆದ ಬೀಟಾ ಸುಮ್ನೆ ಕಡಿಮೆ ಕಾಣಬಹುದು. ವಾರದ ಅಥವಾ ತಿಂಗಳ ಬೆಲೆ ಹಾಕಿದಾಗ ಅದು ಏರಿದರೆ ಕಾರಣ ಇದೇ ಇರಬಹುದು.

ಇನ್ನು, ಈ 10 ಎಲ್ಲರಿಗೂ ಹೊಂದುವುದಿಲ್ಲ. ಮನೆಯ ಆದಾಯವೆಲ್ಲ ಅಡಿಕೆ ತೋಟದಿಂದಲೇ ಬರುವವರಿಗೆ ಕೊಳೆ ಬಂದ ವರ್ಷ ಫಸಲೂ ಹೋಗುತ್ತದೆ, ಶೇರೂ ಬೀಳುತ್ತದೆ. ಅವರ ಪಾಲಿಗೆ ಆ ಅಪಾಯ ಕರಗಿಲ್ಲ. ಸೂತ್ರ ಹೇಳಿದ 10ಕ್ಕೆ ಅವರು ಒಪ್ಪಬೇಕಿಲ್ಲ. ಅದೇ ಬೀಟಾದ ಬೇರೆ ಉದ್ಯಮದ ಶೇರು ಅವರಿಗೆ ಮೇಲು.