ಹಳೆಯ ಬೈಕಿಗೆ ಹಣ ಹಾಕಬೇಕೆ: ಎಸ್ಟಿಮೇಟನ್ನು ಯಾವುದರೊಂದಿಗೆ ಹೋಲಿಸಬೇಕು

ಗೋಣಿಕೊಪ್ಪದ ನಮ್ಮ ವರ್ಕ್‌ಶಾಪಿನಲ್ಲಿ ಹಳೆಯ ಬೈಕಿನ ಎಸ್ಟಿಮೇಟ್ ಕೈಗೆ ಕೊಟ್ಟ ಕೂಡಲೇ ಬರುವ ಮಾತು ಒಂದೇ: "ಈ ಗಾಡಿ ಮಾರಿದರೆ ಒಂಬತ್ತು ಸಾವಿರ ಬರುವುದಿಲ್ಲ, ಇದಕ್ಕೆ ಹದಿನೈದು ಸಾವಿರ ಹಾಕುವುದೇ?" ಕೇಳಲು ಬಹಳ ಸರಿಯೆನಿಸುವ ಈ ಪ್ರಶ್ನೆಯೇ ಜನರನ್ನು ದಾರಿ ತಪ್ಪಿಸುತ್ತಿದೆ. ಇದನ್ನು ನಂಬಿ ಇನ್ನೂ ಐದು ವರ್ಷ ಓಡಬಹುದಾದ ಬೈಕನ್ನು ಗುಜರಿ ಬೆಲೆಗೆ ಕೊಟ್ಟು, ಸಾಲದ ಮೇಲೆ ಹೊಸದನ್ನು ತಂದವರನ್ನು ಪ್ರತಿ ಮಳೆಗಾಲದ ಮುಂಚೆಯೂ ನೋಡುತ್ತೇನೆ. ನಾನು ದುರಸ್ತಿಯಿಂದಲೇ ಬದುಕುವವನಾದ್ದರಿಂದ ನನ್ನ ಮಾತನ್ನು ಹಾಗೆಯೇ ಒಪ್ಪಿಕೊಳ್ಳಬೇಡಿ. ಕೆಳಗಿನ ಲೆಕ್ಕವನ್ನು ನಿಮ್ಮ ಅಂಕಿಗಳಿಂದ ನೀವೇ ಮಾಡಿ ನೋಡಿ.

ಮಾರಾಟದ ಬೆಲೆಯನ್ನೂ ಎಸ್ಟಿಮೇಟನ್ನೂ ಎದುರುಬದುರು ಇಟ್ಟರೆ ಉತ್ತರ ಸಿಗದಿರುವುದಕ್ಕೆ ಕಾರಣ ಸರಳವಾಗಿದೆ. ಬೈಕು ಮಾರಿದ ಮರುದಿನವೂ ನೀವು ತೋಟಕ್ಕೆ ಹೋಗಲೇಬೇಕು, ಮಗಳನ್ನು ಬಸ್‌ಸ್ಟ್ಯಾಂಡಿಗೆ ಬಿಡಲೇಬೇಕು. ಆದ್ದರಿಂದ ಎಸ್ಟಿಮೇಟನ್ನು ಹೋಲಿಸಬೇಕಾದದ್ದು ಅದೇ ಕೆಲಸ ಮಾಡುವ ಇನ್ನೊಂದು ಬೈಕಿಗೆ ನಿಮ್ಮ ಕೈಯಿಂದ ಹೋಗುವ ಹಣದೊಂದಿಗೆ. ಮಾರಾಟದ ಬೆಲೆಗೆ ಈ ಲೆಕ್ಕದಲ್ಲಿ ಸ್ಥಾನ ಖಂಡಿತ ಇದೆ, ಆದರೆ ಬೇರೆ ರೀತಿಯಲ್ಲಿ: ಬೈಕನ್ನು ಇಟ್ಟುಕೊಂಡರೆ ಇಂದು ಬರಬಹುದಾಗಿದ್ದ ಅಷ್ಟು ಹಣವನ್ನು ನೀವು ಬಿಟ್ಟುಕೊಡುತ್ತೀರಿ, ಹಾಗಾಗಿ ಅದನ್ನು ದುರಸ್ತಿಯ ಖರ್ಚಿಗೆ ಕೂಡಿಸಬೇಕು. ಅದು ಬೈಕು ಇಂದು ಇರುವ ಸ್ಥಿತಿಯಲ್ಲಿ, ಹೊಗೆಯೂ ಸದ್ದೂ ಸೇರಿ, ಒಬ್ಬರು ನಿಜವಾಗಿ ಕೊಡಲು ಒಪ್ಪಿದ ಬೆಲೆಯಾಗಿರಬೇಕು. ಕಳೆದ ವರ್ಷ ಹಾಕಿದ ಬ್ಯಾಟರಿ, ಕ್ಲಚ್ ಪ್ಲೇಟುಗಳ ಹಣ ಲೆಕ್ಕಕ್ಕೆ ಬರುವುದಿಲ್ಲ. ಇಟ್ಟುಕೊಂಡರೂ ಮಾರಿದರೂ ಅದು ಹೋದ ಹಣ.

ನಾಪೋಕ್ಲು ಕಡೆಯ ಎಸ್ಟೇಟೊಂದರಲ್ಲಿ ರೈಟರ್ ಆಗಿರುವ ಒಬ್ಬರು ನೂರು ಸಿಸಿಯ ತಮ್ಮ ಹಳೆಯ ಬೈಕನ್ನು ತಂದಿದ್ದರು. ಹೊಗೆ ಬರುತ್ತಿತ್ತು, ಟೈರು ಸವೆದಿತ್ತು, ಸೈಲೆನ್ಸರ್ ತುಕ್ಕು ಹಿಡಿದಿತ್ತು, ನೋಂದಣಿಯ ಅವಧಿ ಮುಗಿಯಲು ಎರಡು ವರ್ಷ ಉಳಿದಿತ್ತು. ಬೇರೊಂದು ಕಡೆ ಕೊಟ್ಟ ಎಸ್ಟಿಮೇಟಿನಲ್ಲಿ ಪಿಸ್ಟನ್, ರಿಂಗ್ ಸಹಿತ ಬೋರ್ ಕೆಲಸಕ್ಕೆ 8,000, ಎರಡು ಟೈರು ಮತ್ತು ಚೈನ್ ಸ್ಪ್ರಾಕೆಟ್‌ಗೆ 5,000, ಸೈಲೆನ್ಸರ್ ಮತ್ತು ಚಿಲ್ಲರೆ ಕೆಲಸಕ್ಕೆ 2,500, ಒಟ್ಟು 15,500 ರೂಪಾಯಿ ಬರೆದಿತ್ತು. ಇದ್ದ ಹಾಗೆ ಕೊಂಡುಕೊಳ್ಳುವವರು 9,000 ಹೇಳಿದ್ದರು.

ಮೂರು ವರ್ಷ ಓಡಿಸುವುದೆಂದು ಇಟ್ಟುಕೊಂಡೆವು. ಬಿಟ್ಟುಕೊಡುವ 9,000, ಎಸ್ಟಿಮೇಟಿನ 15,500, ವರ್ಷಕ್ಕೆ 4,000ದಂತೆ ಮುಂದಿನ ಸಣ್ಣ ರಿಪೇರಿಗಳಿಗೆ 12,000. ಖಾಸಗಿ ಬೈಕಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಮತ್ತೆ ಐದು ವರ್ಷಕ್ಕೆ ನವೀಕರಿಸಬೇಕು; ಅದರ ಶುಲ್ಕ, ತಪಾಸಣೆಗೆ ಮುನ್ನ ಆಗಬೇಕಾದ ಕೆಲಸ, ಮಡಿಕೇರಿಯ ಆರ್‌ಟಿಒ ಕಚೇರಿಯ ಓಡಾಟ ಎಲ್ಲಕ್ಕೂ ಸೇರಿ 4,000 ಇಟ್ಟೆವು. ಮೂರು ವರ್ಷದ ಬಳಿಕ ಮಾರಿದರೆ 10,000 ಬರಬಹುದು, ಅದನ್ನು ಕಳೆದರೆ 30,500 ಉಳಿಯುತ್ತದೆ. ವರ್ಷಕ್ಕೆ ಸುಮಾರು 10,200.

ಅವರು ನೋಡಿಟ್ಟಿದ್ದ ಸೆಕೆಂಡ್‌ಹ್ಯಾಂಡ್ ಬೈಕಿಗೆ 42,000, ವರ್ಗಾವಣೆ, ವಿಮೆ ಮತ್ತು ಕೊಂಡ ಕೂಡಲೇ ಆಗಬೇಕಾದ ಕೆಲಸಕ್ಕೆ 5,000, ಮೂರು ವರ್ಷದ ರಿಪೇರಿಗೆ 7,500. ಕೊನೆಗೆ 25,000ಕ್ಕೆ ಮಾರಿದರೆ ವರ್ಷಕ್ಕೆ ಸುಮಾರು 9,800 ಆಗುತ್ತದೆ. ಹೊಸ ಬೈಕು ಆನ್‌ರೋಡ್ 95,000 ಎಂದು ಹಿಡಿದು, ಸರ್ವೀಸಿಗೆ 6,000 ಸೇರಿಸಿ, ಮೂರು ವರ್ಷದ ಮೇಲೆ 55,000ಕ್ಕೆ ಮಾರುವುದಾದರೂ ವರ್ಷಕ್ಕೆ 15,300 ದಾಟುತ್ತದೆ, ಸಾಲದ ಬಡ್ಡಿ ಬೇರೆ. ಹೊಸ ಬೈಕಿನ ಬೆಲೆಯಲ್ಲಿ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಸೇರಿರುತ್ತದೆ, ಅಷ್ಟು ಮಟ್ಟಿಗೆ ಅಂತರ ತುಸು ಕಡಿಮೆಯಾಗುತ್ತದೆ. ಆದರೂ ಫಲಿತಾಂಶ ಬದಲಾಗುವುದಿಲ್ಲ.

ದುರಸ್ತಿ ಮತ್ತು ಸೆಕೆಂಡ್‌ಹ್ಯಾಂಡ್ ಹೀಗೆ ಹತ್ತಿರ ಬಂದಾಗ ತೀರ್ಮಾನವಿರುವುದು ಎಸ್ಟಿಮೇಟಿನ ಅತಿ ದೊಡ್ಡ ಸಾಲಿನಲ್ಲಿ. ಎಂಟು ಸಾವಿರದ ಬೋರ್ ಕೆಲಸ ನಿಜವಾಗಿ ಬೇಕಿತ್ತೆ? ಹೊಗೆ ಯಾವಾಗ ಬರುತ್ತದೆಂದು ಕೇಳಿದೆ. "ಸಂಪಾಜೆ ಘಾಟಿ ಇಳಿದು ಮತ್ತೆ ಎಕ್ಸಿಲರೇಟರ್ ಕೊಟ್ಟಾಗ ಒಂದು ಸಲ ನೀಲಿಯಾಗಿ ಬರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೂ ಸ್ವಲ್ಪ ಬರುತ್ತದೆ, ಆಮೇಲೆ ಇರುವುದಿಲ್ಲ ಸಾರ್" ಎಂದರು. ಇದು ವಾಲ್ವ್ ಸೀಲ್ ಗಟ್ಟಿಯಾದಾಗಿನ ಲಕ್ಷಣ. ಎಕ್ಸಿಲರೇಟರ್ ಬಿಟ್ಟು ಗೇರಿನಲ್ಲಿ ಇಳಿಯುವಾಗ ಎಂಜಿನ್ನಿನ ಒಳಸೆಳೆತ ಹೆಚ್ಚಾಗಿ, ಸವೆದ ಸೀಲಿನ ಮೂಲಕ ಹೆಡ್ಡಿನ ಆಯಿಲ್ ಒಳಗಿಳಿಯುತ್ತದೆ. ಮತ್ತೆ ಎಕ್ಸಿಲರೇಟರ್ ಕೊಟ್ಟಾಗ ಅದು ಉರಿಯುತ್ತದೆ. ರಿಂಗ್ ಅಥವಾ ಬೋರ್ ಸವೆದಿದ್ದರೆ ಸಾಮಾನ್ಯವಾಗಿ ಏರಿನಲ್ಲಿ ಎಳೆಯುವಾಗ ಹೊಗೆ ಬಿಡದೆ ಬರುತ್ತದೆ, ಎಳೆತವೂ ಕಡಿಮೆಯಾಗಿರುತ್ತದೆ.

ಲಕ್ಷಣವನ್ನಷ್ಟೇ ನಂಬಿ ಕೆಲಸ ಮಾಡಬಾರದು. ಪ್ಲಗ್ ಬಿಚ್ಚಿ ಕಂಪ್ರೆಶನ್ ಗೇಜ್ ಇಟ್ಟು ನೋಡಿದೆವು. ಒತ್ತಡ ಕಂಪನಿ ಹೇಳುವ ಮಿತಿಯೊಳಗೇ ಇತ್ತು. ಕಡಿಮೆಯಿದ್ದಿದ್ದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯುತ್ತಿದ್ದೆವು, ಆಗ ಒತ್ತಡ ಚೆನ್ನಾಗಿ ಏರಿದರೆ ದೋಷ ರಿಂಗ್ ಅಥವಾ ಬೋರಿನದ್ದು. ಇದಕ್ಕೂ ಒಂದು ಮಿತಿಯಿದೆ: ಆಯಿಲ್ ರಿಂಗ್ ಮಾತ್ರ ಸವೆದಿದ್ದರೆ ಗೇಜ್ ಅದನ್ನು ತೋರಿಸದೇ ಹೋಗಬಹುದು. ಅದಕ್ಕಾಗಿಯೇ ನಾನು ಎಸ್ಟಿಮೇಟನ್ನು ಎರಡು ಹಂತದಲ್ಲಿ ಬರೆಯುತ್ತೇನೆ. ಹೆಡ್ ಬಿಚ್ಚಿ ವಾಲ್ವ್ ಸೀಲ್ ಬದಲಿಸಲು 2,500. ಬಿಚ್ಚಿದಾಗ ಬೋರಿನ ಗೋಡೆಯಲ್ಲಿ ಗೀರು ಕಂಡರೆ ಫೋನ್ ಮಾಡಿ ಒಪ್ಪಿಗೆ ಪಡೆದ ಮೇಲಷ್ಟೇ ಮುಂದಿನ ಕೆಲಸ. ಹೀಗೆ ಎರಡು ಹಂತದಲ್ಲಿ ಬರೆದುಕೊಡಿ ಎಂದು ನೀವು ಯಾವ ಮೆಕ್ಯಾನಿಕ್‌ನನ್ನಾದರೂ ಕೇಳಬಹುದು, ಕೇಳಬೇಕು. ಇವರ ಬೋರ್ ಚೆನ್ನಾಗಿತ್ತು. ಎಸ್ಟಿಮೇಟ್ 10,000ಕ್ಕೆ ಇಳಿದು, ವರ್ಷದ ಖರ್ಚು ಸುಮಾರು 8,300ಕ್ಕೆ ಬಂತು.

ಆದರೆ ಈ ಲೆಕ್ಕವನ್ನೆಲ್ಲ ಬದಿಗಿಡಬೇಕಾದ ಸಂದರ್ಭವೊಂದು ನಮ್ಮ ಜಿಲ್ಲೆಯಲ್ಲಿ ಹೆಚ್ಚು. ತಿಂಗಳುಗಟ್ಟಲೆ ಮಳೆಯಲ್ಲಿ ನೆನೆದು, ತೋಟದ ಕೆಸರು ಮೆತ್ತಿಕೊಂಡ ಬೈಕಿನ ಚಾಸಿ ಹೊರಗಿಂದ ಕಾಣದ ಹಾಗೆ ತಿಂದುಹೋಗಿರುತ್ತದೆ. ಸೀಟು ಬಿಚ್ಚಿ ಅದರ ಅಡಿಯ ಕೊಳವೆಗಳನ್ನೂ, ಸ್ವಿಂಗ್ ಆರ್ಮ್ ಕೂರುವ ಜಾಗವನ್ನೂ, ಸೆಂಟರ್ ಸ್ಟ್ಯಾಂಡಿನ ಬೆಸುಗೆಯನ್ನೂ ತೊಳೆದು ನೋಡಬೇಕು. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದಾಗ ಕಬ್ಬಿಣ ಪದರವಾಗಿ ಕಿತ್ತುಬಂದರೆ ಅಥವಾ ಬೆಸುಗೆಯ ಬಳಿ ಬಿರುಕು ಕಂಡರೆ ಎಂಜಿನ್ ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಹಣ ಹಾಕಬೇಡಿ. ವೆಲ್ಡಿಂಗ್ ಮಾಡಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ತೆಳುವಾದ ಕೊಳವೆಗೆ ವೆಲ್ಡಿಂಗ್ ಹಿಡಿದಂತೆ ಕಂಡರೂ ಅದರ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ, ಅದೂ ಇಬ್ಬರು ಕೂತು ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ. ಜೊತೆಗೆ ಹ್ಯಾಂಡಲ್ ಕೆಳಗೆ ಕೊರೆದಿರುವ ಚಾಸಿ ನಂಬರನ್ನೂ ಓದಿ ನೋಡಿ. ತುಕ್ಕಿನಿಂದ ಅದು ಅಳಿಸಿಹೋಗಿದ್ದರೆ ನವೀಕರಣದ ತಪಾಸಣೆಯಲ್ಲಿ ತೊಂದರೆಯಾಗುತ್ತದೆ. ಆ ತೊಂದರೆ ಪರಿಹಾರವಾಗುವವರೆಗೆ ಮೂರು ವರ್ಷದ ಬಳಿಕ ಬರಬೇಕಾದ 10,000ವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಾಪೋಕ್ಲಿನವರ ಬೈಕಿನ ಚಾಸಿಯಲ್ಲಿ ಮೇಲ್ತುಕ್ಕು ಮಾತ್ರ ಇತ್ತು, ನಂಬರ್ ಸ್ಪಷ್ಟವಾಗಿತ್ತು. ಉಜ್ಜಿ ಪೇಂಟ್ ಹಚ್ಚಿ, ಹೆಡ್ ಕೆಲಸ ಮುಗಿಸಿ ಕೊಟ್ಟೆವು. ಆಯಿಲ್ ಮಟ್ಟವನ್ನು ವಾರಕ್ಕೊಮ್ಮೆ ಸ್ಟಿಕ್ಕಿನಲ್ಲಿ ನೋಡಿ, ಇಳಿಯತೊಡಗಿದರೆ ಕೂಡಲೇ ತನ್ನಿ ಎಂದು ಹೇಳಿ ಕಳಿಸಿದ್ದೇನೆ.