ಕತ್ತಲೆಯ ಕೆನ್ನೆಗೆ ಎರಡು ಪಾಲು ಬೆಳಕು

ಫೋಟೊದಲ್ಲಿ ಮುಖದ ಒಂದು ಬದಿ ಕಪ್ಪಾಗಿದ್ದರೆ ನೆರಳನ್ನು ತೆಗೆದುಹಾಕಬೇಕು ಎಂಬ ತಪ್ಪು ಕಲ್ಪನೆ ನನಗೆ ಸದಾ ಕಿರಿಕಿರಿ ತರುತ್ತದೆ. ಛಾಯಾಗ್ರಾಹಕರ ‘ಫಿಲ್ ಲೈಟ್’ ನೆರಳನ್ನು ಅಳಿಸುವುದಿಲ್ಲ, ಅದರ ಗಾಢತೆಯನ್ನು ತಗ್ಗಿಸುತ್ತದೆ. ಎಐ ಈ ಬೆಳಕನ್ನು ಆಮೇಲೆ ಸೇರಿಸುವಾಗಲೂ ಅದೇ ನಿಯಮ.

ಎಡಗಡೆಯ ಕಿಟಕಿಯಿಂದ ಬೆಳಕು ಬೀಳುತ್ತಿದೆ ಎನ್ನಿ. ಎಡಗೆನ್ನೆಗೆ 8 ಪಾಲು ಬೆಳಕು, ಮೂಗಿನ ನೆರಳು ಬಿದ್ದ ಬಲಗೆನ್ನೆಗೆ 1 ಪಾಲು. ಕ್ಯಾಮೆರಾದ ಕಡೆಯಿಂದ ಎರಡೂ ಕೆನ್ನೆಗಳಿಗೆ 2 ಪಾಲು ಮೆದು ಬೆಳಕು ಕೂಡಿಸಿದರೆ ಅವು 10 ಮತ್ತು 3 ಆಗುತ್ತವೆ. ಬೆಳಗಿದ ಕೆನ್ನೆ ಕಾಲು ಭಾಗವಷ್ಟೇ ಏರಿತು, ಕತ್ತಲೆಯದು ಮೂರು ಪಟ್ಟಾಯಿತು. ಆದರೂ ನೆರಳಿನ ಅಂಚು ಇದ್ದಲ್ಲೇ ಇದೆ. ತುಂಬಿದ ಕೊಡಕ್ಕೂ ಬರಿದಾದ ಕೊಡಕ್ಕೂ ಒಂದೊಂದು ಚೊಂಬು ನೀರು ಸುರಿದಂತೆ: ಸುರಿದದ್ದು ಸಮ, ಕಾಣುವ ವ್ಯತ್ಯಾಸ ಬೇರೆ.

ಈ ಕೂಡಿಕೆಯನ್ನು ಚಿತ್ರದ ಒಂದೊಂದು ಚುಕ್ಕಿಯ ಹೊಳಪು ಹೇಳುವ ಪರದೆಯ ಅಂಕಿಗಳ ಮೇಲೆ ನೇರವಾಗಿ ಮಾಡಿದರೆ ಲೆಕ್ಕ ಕೆಡುತ್ತದೆ. 255ರ ಅಳತೆಯಲ್ಲಿ 128 ಎಂದರೆ ಅರ್ಧ ಬೆಳಕಲ್ಲ, ಸುಮಾರು ಶೇ 22 ಮಾತ್ರ. ಮೊದಲು ಅಂಕಿಗಳನ್ನು ನಿಜವಾದ ಬೆಳಕಿನ ಪ್ರಮಾಣಕ್ಕೆ ತಿರುಗಿಸಿ, ಕೂಡಿಸಿ, ಮತ್ತೆ ಹಿಂದಕ್ಕೆ ತರಬೇಕು.

ಬೆಳಕುಗಳು ಹೀಗೆ ಕೂಡುತ್ತವೆ ಎಂಬ ಸತ್ಯದ ಮೇಲೆಯೇ ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಪಾಲ್ ಡೆಬೆವೆಕ್ ಮತ್ತು ಸಂಗಡಿಗರು 2000ದಲ್ಲಿ ‘ಲೈಟ್ ಸ್ಟೇಜ್’ ಕಟ್ಟಿದರು. ಒಂದೊಂದೇ ದಿಕ್ಕಿನಿಂದ ಬೆಳಕು ಬಿಟ್ಟು ಮುಖವನ್ನು ಚಿತ್ರಿಸಿಟ್ಟುಕೊಂಡರೆ, ಆ ಚಿತ್ರಗಳನ್ನು ಬೇಕಾದ ಪ್ರಮಾಣದಲ್ಲಿ ಕೂಡಿಸಿ ಹೊಸ ಬೆಳಕನ್ನು ಕಟ್ಟಬಹುದು. ಇದೇ ತತ್ವದ ಮೇಲೆ ಕಟ್ಟಿದ ಗೋಳದ ನಡುವೆ, 331 ಎಲ್‌ಇಡಿ ದೀಪಗಳಡಿ ತೆಗೆದ ಚಿತ್ರಗಳಿಂದ ಗೂಗಲ್ ತನ್ನ ಫೋನಿನ ‘ಪೋರ್ಟ್ರೇಟ್ ಲೈಟ್’ ಮಾದರಿಗೆ ತರಬೇತಿ ಕೊಟ್ಟಿತು.

ಆದರೆ ನಿಮ್ಮ ಕೈಯಲ್ಲಿರುವುದು ಒಂದೇ ಚಿತ್ರ. ಕೆನ್ನೆಯ ಬಾಗು ಎತ್ತ, ಚರ್ಮದ ಸ್ವಂತ ಬಣ್ಣ ಯಾವುದು, ಬಿದ್ದ ಬೆಳಕೆಷ್ಟು ಎಂಬ ಮೂರನ್ನೂ ಎಐ ಅದರಿಂದಲೇ ಊಹಿಸಬೇಕು. ಎಡವುವುದು ಇಲ್ಲೇ. ಮೂಗಿನ ನೆರಳಿನ ಅಂಚನ್ನು ಚರ್ಮದ ಬಣ್ಣವೆಂದು ಬಗೆದರೆ ಕೆನ್ನೆಯ ಮೇಲೆ ಮಸಿಯ ಗೆರೆ ಉಳಿಯುತ್ತದೆ. ಕುರುಚಲು ಗಡ್ಡವನ್ನು ನೆರಳೆಂದು ಬಗೆದರೆ ಅದು ಬೂದಿ ಬಳಿದಂತೆ ಮಾಸುತ್ತದೆ. ಇನ್ನೊಂದು ತೊಡಕು, ಕತ್ತಲೆಯ ಭಾಗವನ್ನು ಎತ್ತಿದಾಗ ಅಲ್ಲಿನ ಕಾಳುಕಾಳಾದ ನಾಯ್ಸ್ ಕೂಡ ಎದ್ದು ಕಾಣುತ್ತದೆ. ನಿಜವಾದ ದೀಪವಿದ್ದಿದ್ದರೆ ಆ ಕೆನ್ನೆ ನುಣುಪಾಗಿರುತ್ತಿತ್ತು.

ಫಲಿತಾಂಶ ನಂಬುವಂತಿದೆಯೇ ಎಂದು ನೋಡಲು ನಾನು ಮೊದಲು ಹಿಗ್ಗಿಸುವುದು ಕೆನ್ನೆಯನ್ನಲ್ಲ, ಮೂಗಿನ ಹೊಳ್ಳೆ ಮತ್ತು ತುಟಿಗಳು ಕೂಡುವ ಗೆರೆಯನ್ನು. ಅಂಥ ಸಂದುಗಳಿಗೆ ಮೆದು ಬೆಳಕೂ ಅಷ್ಟಾಗಿ ಇಳಿಯದು. ಕೆನ್ನೆಯ ಜೊತೆಗೆ ಅವೂ ಮೂರು ಪಟ್ಟು ಬೆಳಗಿದ್ದರೆ ಮುಖ ಮೇಣದ ಬೊಂಬೆಯಾಗುತ್ತದೆ. ಆಗ ಸ್ಲೈಡರನ್ನು ಹಿಂದಕ್ಕೆಳೆದು, ಹೊಳ್ಳೆಗಳು ಮತ್ತೆ ಕಪ್ಪಾಗುವ ಹಂತದಲ್ಲಿ ನಿಲ್ಲಿಸುತ್ತೇನೆ.