ಒಮ್ಮೆ ಮೆಜೆಂಟಾ, ಒಮ್ಮೆ ಕಪ್ಪು: ಕತ್ತರಿಸಿದ ಫೋಟೋದ ಅಂಚು ಪರೀಕ್ಷಿಸುವ ಟಿಪ್ಪಣಿ

ಬಿಳಿ ಹಿನ್ನೆಲೆಯಲ್ಲಿ ತೆಗೆದ ಫೋಟೋ ಕತ್ತರಿಸಿ, ಮತ್ತೆ ಬಿಳಿಯ ಮೇಲೆಯೇ ಇಟ್ಟು ನೋಡಿದರೆ ಅಂಚು ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಉಳಿದಿರುವ ಕೊಳೆಯೂ ಬಿಳಿ, ಕೆಳಗಿನ ಬಣ್ಣವೂ ಬಿಳಿ. ಫೋಟೋಶಾಪ್ ತೋರಿಸುವ ಬೂದು-ಬಿಳಿ ಚೌಕಳಿಯೂ ಅಷ್ಟೆ, ಅದರ ಮೇಲೆ ಸಣ್ಣ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಎರಡು ಪರೀಕ್ಷಾ ಹಿನ್ನೆಲೆ: ಒಂದು `#ff00ff`, ಇನ್ನೊಂದು `#000000`. ಇವೆರಡೂ ಒಂದೇ ತಪ್ಪನ್ನು ಹಿಡಿಯುವುದಿಲ್ಲ ಅನ್ನುವುದೇ ಈ ಟಿಪ್ಪಣಿಯ ಮುಖ್ಯ ವಿಷಯ.

ಉದಾಹರಣೆಗೆ ಚಿಕ್ಕಪೇಟೆಯ ಸೀರೆ ಅಂಗಡಿಗಳ ಜಾಹೀರಾತಿನಲ್ಲಿ ಕಾಣುವಂಥ ಫೋಟೋ ಇಟ್ಟುಕೊಳ್ಳೋಣ. ಹಸಿರು ಮೈಸೂರು ಸಿಲ್ಕ್ ಉಟ್ಟ ಹೆಣ್ಣುಮಗಳು ಅರ್ಧ ತಿರುಗಿ ನಿಂತಿದ್ದಾಳೆ. ಕಪ್ಪು ತುರುಬು, ಅದರ ಸುತ್ತ ಮಲ್ಲಿಗೆ ದಂಡೆ, ಕತ್ತಿನ ಹತ್ತಿರ ಬಿಡಿ ಕೂದಲು, ಹಿಂದೆ ಸ್ಟುಡಿಯೋದ ಬಿಳಿ ಪರದೆ. ಆಕೆಯನ್ನು ಕತ್ತರಿಸಿ ಗಾಢ ಮರೂನ್ ಹಿನ್ನೆಲೆಗೆ ತರಬೇಕು. ಈ ಫೋಟೋದಲ್ಲಿ ಕೂದಲಿನ ಸಮಸ್ಯೆಯೇ ಬೇರೆ, ಮಲ್ಲಿಗೆಯ ಸಮಸ್ಯೆಯೇ ಬೇರೆ.

ಸಿದ್ಧತೆ

ಕತ್ತರಿಸಿದ ಲೇಯರ್ ಕೆಳಗೆ ಎರಡು `Solid Color` ಲೇಯರ್ ಹಾಕಿ, ಕಣ್ಣಿನ ಗುರುತು ಒತ್ತಿ ಒಂದೊಂದನ್ನೇ ತೋರಿಸುತ್ತಾ ನೋಡಿದರೆ ಸಾಕು. ಹತ್ತಾರು ಫೋಟೋ ಇದ್ದರೆ ಇಮೇಜ್‌ಮ್ಯಾಜಿಕ್ ಬೇಗ ಮುಗಿಸುತ್ತದೆ:

```
magick cutout.png -background "#ff00ff" -flatten m.png
magick cutout.png -background black -flatten k.png
```

ಪರೀಕ್ಷೆಯ ಚಿತ್ರವನ್ನು ಪಿಎನ್‌ಜಿಯಾಗಿಯೇ ಉಳಿಸಿ. ಜೆಪೆಗ್ ಸಾಮಾನ್ಯವಾಗಿ ಬಣ್ಣದ ವಿವರವನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳಿಗೆ ಹಂಚಿ ಉಳಿಸುವುದರಿಂದ ಮೆಜೆಂಟಾ ಅಂಚಿನ ಒಳಕ್ಕೆ ಸೋರಿ, ಇಲ್ಲದ ತಪ್ಪು ಕಾಣಿಸುತ್ತದೆ. ನೋಡುವಾಗ ಜೂಮ್ 100% ಅಥವಾ 200% ಇರಲಿ. 66.7% ನಂಥ ಅಳತೆಯಲ್ಲಿ ಪ್ರೋಗ್ರಾಂ ತಾನೇ ಪಿಕ್ಸೆಲ್‌ಗಳನ್ನು ಬೆರೆಸಿ ತೋರಿಸುತ್ತದೆ, ಆಗ ನೋಡುತ್ತಿರುವುದು ನಿಮ್ಮ ಅಂಚನ್ನಲ್ಲ.

ಕೂದಲಿನಲ್ಲಿ ಕಾಣುವ ಗುಲಾಬಿ ತಪ್ಪೋ ಸರಿಯೋ

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ. ಮೆಜೆಂಟಾ ಮೇಲೆ ಇಟ್ಟ ತಕ್ಷಣ ಬಿಡಿ ಕೂದಲಿನ ಸುತ್ತ ಗುಲಾಬಿ, ನೇರಳೆ ಛಾಯೆ ಕಾಣುತ್ತದೆ. ಕತ್ತರಿಸಿದ್ದು ಕೆಟ್ಟಿತು ಅಂದುಕೊಂಡು ಮಾಸ್ಕನ್ನು ಒಂದು ಪಿಕ್ಸೆಲ್ ಒಳಕ್ಕೆ ತಳ್ಳಿದರೆ ಕೂದಲೇ ಹೋಗಿ ತುರುಬು ಹೆಲ್ಮೆಟ್ ಹಾಕಿದ ಹಾಗಾಗುತ್ತದೆ. ಕೂದಲಿನ ಎಳೆ ಒಂದು ಪಿಕ್ಸೆಲ್‌ಗಿಂತ ತೆಳುವಾಗಿರುವುದರಿಂದ ಅಲ್ಲಿಯ ಪಿಕ್ಸೆಲ್ ಅರೆಪಾರದರ್ಶಕವಾಗಿಯೇ ಇರಬೇಕು. ಅರೆಪಾರದರ್ಶಕ ಅಂದಮೇಲೆ ಕೆಳಗಿನ ಬಣ್ಣ ಕಾಣಲೇಬೇಕು. ಅಂದರೆ ಗುಲಾಬಿ ಇರುವುದು ತಪ್ಪಲ್ಲ. ಅದು ಯಾವ ಗುಲಾಬಿ ಅನ್ನುವುದೇ ಪ್ರಶ್ನೆ.

ಲೆಕ್ಕ ಹಾಕೋಣ. ಕೂದಲಿನ ನಿಜವಾದ ಬಣ್ಣ 30, 30, 30 ಎನ್ನಿ. ಹಿಂದಿನ ಪರದೆ ಪೂರ್ತಿ ಬಿಳಿ, 255. ಒಂದು ಪಿಕ್ಸೆಲ್‌ನ ಅರ್ಧ ಭಾಗ ಕೂದಲು, ಅರ್ಧ ಪರದೆ. ಕ್ಯಾಮೆರಾ ಅವೆರಡನ್ನೂ ಸೇರಿಸಿ 142 ಎಂದು ಬರೆದುಕೊಂಡಿದೆ. ನೀವು ಮಾಸ್ಕ್ ಸರಿಯಾಗಿಯೇ ಮಾಡಿದ್ದೀರಿ, ಆ ಪಿಕ್ಸೆಲ್‌ಗೆ 50% ಆಲ್ಫಾ ಕೊಟ್ಟಿದ್ದೀರಿ. ಆದರೆ ಪಿಕ್ಸೆಲ್‌ನ ಬಣ್ಣ ಇನ್ನೂ 142 ಆಗಿಯೇ ಇದೆ, 30 ಆಗಿಲ್ಲ. ಪಾರದರ್ಶಕತೆ ಸರಿ, ಬಣ್ಣ ತಪ್ಪು.

ಈಗ ಮೆಜೆಂಟಾ ಮೇಲೆ ಇಡಿ. ಬಣ್ಣ 30 ಆಗಿದ್ದಿದ್ದರೆ ಬರಬೇಕಿದ್ದದ್ದು 142, 15, 142, ಅಂದರೆ ಗಾಢ ನೇರಳೆ. 142 ಉಳಿದಿರುವುದರಿಂದ ಬರುವುದು 199, 71, 199, ಅಂದರೆ ಮಾಸಿದ ತಿಳಿ ಗುಲಾಬಿ. ಎರಡೂ ಗುಲಾಬಿ ಜಾತಿಯವೇ ಆದ್ದರಿಂದ ಬರಿಗಣ್ಣಿಗೆ ಗೊಂದಲ. ಅದೇ ಪಿಕ್ಸೆಲ್ ಕಪ್ಪಿನ ಮೇಲೆ 15 ಇರಬೇಕಾದಲ್ಲಿ 71 ಆಗುತ್ತದೆ, ತುರುಬಿನ ಸುತ್ತ ಬಿಳಿ ಪ್ರಭೆ ಎದ್ದು ಕಾಣುತ್ತದೆ. ಇಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ. ಬಿಳಿ ಪರದೆಯ ಮುಂದೆ ತೆಗೆದ ಕಪ್ಪು ಕೂದಲಿಗೆ ಕಪ್ಪು ಹಿನ್ನೆಲೆಯೇ ಪರೀಕ್ಷಕ ಅನ್ನುವುದು ಇದಕ್ಕೇ.

ತಪ್ಪಿನ ಪ್ರಮಾಣಕ್ಕೆ ಒಂದು ಸೂತ್ರವಿದೆ:

```
ತಪ್ಪು = α × (1 − α) × (ಹಳೆಯ ಹಿನ್ನೆಲೆ − ನಿಜವಾದ ಬಣ್ಣ)
```

ನಮ್ಮ ಪಿಕ್ಸೆಲ್‌ಗೆ 0.5 × 0.5 × (255 − 30), ಸುಮಾರು 56. 15 ಇರಬೇಕಾದದ್ದು 71 ಆದದ್ದು ಇದರಿಂದಲೇ. ಸೂತ್ರದಲ್ಲಿ ಹೊಸ ಹಿನ್ನೆಲೆಯ ಹೆಸರೇ ಇಲ್ಲ ಎಂಬುದನ್ನು ಗಮನಿಸಿ. ಕೊಳೆ ಎಲ್ಲ ಹಿನ್ನೆಲೆಯ ಮೇಲೂ ಅಷ್ಟೇ ಇರುತ್ತದೆ, ಕೆಲವುದರ ಮೇಲೆ ಕಾಣುತ್ತದೆ, ಕೆಲವುದರ ಮೇಲೆ ಅಡಗುತ್ತದೆ.

ಹಸಿರು ಚಾನೆಲ್‌ನ ಉಪಾಯ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಮೆಜೆಂಟಾದಲ್ಲಿ ಕೆಂಪು 255, ನೀಲಿ 255, ಹಸಿರು ಸೊನ್ನೆ. ಹಾಗಾಗಿ ಮೆಜೆಂಟಾ ಪರೀಕ್ಷೆಯಲ್ಲಿ `Channels` ತೆರೆದು `Green` ಒಂದನ್ನೇ ನೋಡಿದರೆ, ಅಲ್ಲಿ ಕಾಣುವ ಬೆಳಕೆಲ್ಲ ನೀವು ಕತ್ತರಿಸಿದ ಚಿತ್ರದ್ದೇ. ಹಿನ್ನೆಲೆಯಿಂದ ಒಂದು ಹನಿಯೂ ಬಂದಿರಲು ಸಾಧ್ಯವಿಲ್ಲ.

ಕೂದಲಿನ ಹಸಿರು 30, ಹಿನ್ನೆಲೆಯದು 0. ಸರಿಯಾದ ಅಂಚಿನಲ್ಲಿ ಒಳಗಿನಿಂದ ಹೊರಗೆ ಹೋದಂತೆ ಈ ಸಂಖ್ಯೆ 30 ರಿಂದ 0 ಗೆ ಇಳಿಯುತ್ತಲೇ ಹೋಗಬೇಕು, ನಡುವೆ ಏರಬಾರದು. `Info` ಪ್ಯಾನೆಲ್ ತೆರೆದಿಟ್ಟು ಮೌಸ್ ಅನ್ನು ತುರುಬಿನಿಂದ ಹೊರಕ್ಕೆ ನಿಧಾನವಾಗಿ ಎಳೆಯಿರಿ. 30, 28, 71, 40, 0 ಎಂದು ಬಂದರೆ ಆ 71 ಹಳೆಯ ಪರದೆಯ ಬಿಳಿ. 30, 24, 15, 6, 0 ಎಂದು ಬಂದರೆ ಅಂಚು ಶುದ್ಧ. ಯಾವ ಗುಲಾಬಿ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತದೆ, ಕಣ್ಣಿನ ಅಂದಾಜು ಬೇಕಾಗುವುದಿಲ್ಲ.

ಅಂದಾಜು ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಇಷ್ಟು ಗಾಢವಾದ ಮೆಜೆಂಟಾ ಪಕ್ಕದಲ್ಲಿದ್ದಾಗ ಬೂದು ಬಣ್ಣವೂ ಕಣ್ಣಿಗೆ ಹಸಿರು ಹಸಿರಾಗಿ ಕಾಣುತ್ತದೆ. ಆ ಹಸಿರನ್ನು ನಂಬಿ ಬಣ್ಣ ತಿದ್ದಲು ಹೋಗಬೇಡಿ. ಮೆಜೆಂಟಾ ಇರುವುದು ಆಕಾರ ನೋಡಲು, ಬಣ್ಣಕ್ಕೆ ಸಂಖ್ಯೆ ಓದಿ.

ಮಲ್ಲಿಗೆ

ಈಗ ಅದೇ ಸೂತ್ರವನ್ನು ದಂಡೆಗೆ ಹಾಕಿ. ಹಳೆಯ ಹಿನ್ನೆಲೆ 255, ಮಲ್ಲಿಗೆ ಸುಮಾರು 240. ವ್ಯತ್ಯಾಸ 15, ಅದರ ಕಾಲು ಭಾಗ 4 ಕ್ಕಿಂತ ಕಡಿಮೆ. ಅಂದರೆ ಮಲ್ಲಿಗೆಯಲ್ಲಿ ಬಣ್ಣದ ಕೊಳೆ ಇಲ್ಲವೇ ಇಲ್ಲ ಅನ್ನಬಹುದು. ಅಲ್ಲಿ ಕೆಡುವುದು ಮಾಸ್ಕ್. ಬಿಳಿ ಪರದೆಯ ಮುಂದೆ ಬಿಳಿ ಹೂವು ಇರುವಾಗ ಆಯ್ಕೆಯ ಉಪಕರಣಕ್ಕೆ ಎರಡರ ಗಡಿ ತಿಳಿಯದೆ ದಳಗಳನ್ನೇ ತಿಂದುಹಾಕುತ್ತದೆ.

ಕಪ್ಪಿನ ಮೇಲೆ ಈ ತಪ್ಪು ಮೋಸ ಮಾಡುತ್ತದೆ. ದಳ ಹೋದ ಕಡೆ ಕಪ್ಪು ಕಂಡರೂ ಹೂವಿನ ಸಂದಿಯ ನೆರಳು ಅಥವಾ ಹಿಂದಿನ ಕೂದಲು ಅನ್ನಿಸಿಬಿಡುತ್ತದೆ. ಮೆಜೆಂಟಾ ಮೇಲೆ ಅದೇ ಜಾಗ ಉರಿಯುವ ಗುಲಾಬಿ ತೂತಾಗಿ ಕಾಣುತ್ತದೆ. ಅರ್ಧ ತಿಂದ ದಳ 250, 120, 250 ರ ಹತ್ತಿರ, ತಿಳಿ ಗುಲಾಬಿಯಾಗಿ ಕಾಣುತ್ತದೆ. ದಳದ ಹೊರ ಅಂಚಿನ ಒಂದೆರಡು ಪಿಕ್ಸೆಲ್ ಗುಲಾಬಿಯಾಗಿದ್ದರೆ ಸರಿ, ದಳದ ಮೈಯಲ್ಲಿ ಗುಲಾಬಿ ಇದ್ದರೆ ಅಲ್ಲಿ ಮಾಸ್ಕ್ ತುಂಬಬೇಕು. ಕೂದಲಿನ ತುದಿ ಕತ್ತರಿಸಿಹೋಗಿದ್ದರೂ ಕಪ್ಪಿನ ಮೇಲೆ ತಿಳಿಯುವುದಿಲ್ಲ, ಮೆಜೆಂಟಾ ಮೇಲೆ ಮೊಂಡು ತುದಿಯಾಗಿ ಸ್ಪಷ್ಟವಾಗಿ ಕಾಣುತ್ತದೆ.

ಸೀರೆ ರಾಣಿ ಪಿಂಕ್ ಆಗಿದ್ದರೆ ಮೆಜೆಂಟಾ ಕೆಲಸಕ್ಕೆ ಬಾರದು, ಆಗ `#00ff00` ಹಾಕಿ, ಹಸಿರಿನ ಬದಲು ಕೆಂಪು ಅಥವಾ ನೀಲಿ ಚಾನೆಲ್ ನೋಡಿ.

ಕಪ್ಪು ಮಾತ್ರ ಹಿಡಿಯುವ ಮಂಜು

ಹಿನ್ನೆಲೆ ಪೂರ್ತಿ ಅಳಿಸದೆ 255 ರಲ್ಲಿ 8 ರಷ್ಟು ಆಲ್ಫಾ ಅಲ್ಲಲ್ಲಿ ಉಳಿದಿರುತ್ತದೆ. ಮೆಜೆಂಟಾ ಮೇಲೆ ಅದು 255, 8, 255, ಯಾರ ಕಣ್ಣಿಗೂ ಕಾಣದು. ಕಪ್ಪಿನ ಮೇಲೂ 8 ಅಷ್ಟೆ, ಆದರೆ ಎತ್ತಿ ತೋರಿಸಬಹುದು. ಎಲ್ಲಕ್ಕಿಂತ ಮೇಲೆ `Levels` ಲೇಯರ್ ಹಾಕಿ ಬಲಗಡೆಯ ಬಿಳಿ ಸ್ಲೈಡರನ್ನು 40 ಕ್ಕೆ ತನ್ನಿ. 8 ಇದ್ದದ್ದು 51 ಆಗಿ ಮಂಜು ಹರಡಿದ ಜಾಗವೆಲ್ಲ ಗೊತ್ತಾಗುತ್ತದೆ. ಇದನ್ನು ಬಿಟ್ಟರೆ ಮುಂದೆ `Stroke` ಹಾಕಿದಾಗ ಎಲ್ಲೋ ದೂರದಲ್ಲಿ ಚುಕ್ಕೆಗಳು ಏಳುತ್ತವೆ. ಆಜ್ಞೆಯಲ್ಲಾದರೆ ಹೀಗೆ, ಸೊನ್ನೆಗಿಂತ ಮೇಲಿರುವುದೆಲ್ಲ ಬಿಳಿಯಾಗುತ್ತದೆ:

```
magick cutout.png -alpha extract -threshold 0 haze.png
```

ತಿದ್ದುವ ಕ್ರಮ

ಮೊದಲು ಮೆಜೆಂಟಾ ಮೇಲೆ ಮಾಸ್ಕ್, ಆಮೇಲೆ ಕಪ್ಪಿನ ಮೇಲೆ ಬಣ್ಣ. ತಿರುಗುಮುರುಗು ಮಾಡಿದರೆ ಮಾಸ್ಕ್ ಹಿಗ್ಗಿಸಿದಾಗ ಅಡಗಿದ್ದ ಹೊಸ ಪಿಕ್ಸೆಲ್‌ಗಳು ಪರದೆಯ ಬಿಳಿಯ ಸಮೇತ ಹೊರಬಂದು ಬಣ್ಣದ ಕೆಲಸ ಮತ್ತೆ ಮಾಡಬೇಕಾಗುತ್ತದೆ.

ಮಲ್ಲಿಗೆಗೆ ಮಾಸ್ಕ್ ಮೇಲೆ ಬಿಳಿ ಬ್ರಷ್, ಗಡಸುತನ 80% ರಷ್ಟು, ದಳದ ಗೆರೆ ಹಿಡಿದು ತುಂಬಿ. ಕೂದಲಿಗೆ ಮೇಲೊಂದು ಖಾಲಿ ಲೇಯರ್ ಹಾಕಿ, `Create Clipping Mask` ಕೊಟ್ಟು, ಮೋಡ್ `Darken` ಮಾಡಿ, ತುರುಬಿನ ಒಳಗಿನಿಂದ ಬಣ್ಣ ಎತ್ತಿಕೊಂಡು ಮೆತ್ತನೆಯ ಬ್ರಷ್‌ನಿಂದ ಅಂಚಿನ ಉದ್ದಕ್ಕೂ ಬಳಿಯಿರಿ. ಆಲ್ಫಾ ಹಾಗೇ ಇರುತ್ತದೆ, 142 ಇದ್ದದ್ದು 30 ಕ್ಕೆ ಇಳಿಯುತ್ತದೆ, ಮೊದಲೇ ಗಾಢವಾಗಿರುವ ಎಳೆಗಳು ಬದಲಾಗುವುದಿಲ್ಲ.

`Remove White Matte` ಇದೇ ಕೆಲಸವನ್ನು ಒಂದೇಟಿಗೆ ಮಾಡುತ್ತದೆ, ಆದರೆ ಪರದೆ ನಿಜವಾಗಿ 255 ಇತ್ತು ಎಂದು ನಂಬಿಕೊಂಡು. ಸ್ಟುಡಿಯೋ ಪರದೆ 235 ಇದ್ದರೆ ಅದು ಹೆಚ್ಚಾಗಿ ಕಳೆಯುತ್ತದೆ. ಕೂದಲಿಗೆ ತೊಂದರೆಯಿಲ್ಲ, ಇನ್ನಷ್ಟು ಕಪ್ಪಾಗುತ್ತದೆ ಅಷ್ಟೆ. ಕೆನ್ನೆಯಲ್ಲಿ ಮಾತ್ರ 170 ಇರಬೇಕಾದ ಅಂಚು, ಆಲ್ಫಾ 20% ಇರುವ ಕಡೆ, 90 ಕ್ಕೆ ಬಿದ್ದು ಕಾಡಿಗೆ ತೀಡಿದಂಥ ಗೆರೆ ಬರುತ್ತದೆ. ಕಪ್ಪಿನ ಮೇಲೆ ಆ ಗೆರೆ ಕಾಣುವುದೇ ಇಲ್ಲ. ಹಾಗಾಗಿ ಇದನ್ನು ನಕಲು ಲೇಯರ್ ಮೇಲೆ ಮಾಡಿ, ಕೂದಲಿನ ಭಾಗವನ್ನಷ್ಟೇ ಉಳಿಸಿಕೊಂಡು, ಕೆನ್ನೆ ಮತ್ತು ಕತ್ತಿನ ಅಂಚನ್ನು ಮತ್ತೊಮ್ಮೆ ಮೆಜೆಂಟಾ ಮೇಲೆ 200% ನಲ್ಲಿ ನೋಡಿ, ಆಮೇಲೆ ಮರೂನ್ ಹಾಕಿ.